ಬಿನ್ನವತ್ತಳೆಯ ಕೊನೆಯ ಸಾಲು

"ಅಳಿಸು," ಎಂದಳು ವಾಣಿ.

ನಿಖತ್ ಅಳಿಸಿದಳು. 'ಭಗವಂತನು ತಮಗೆ ಆಯುರಾರೋಗ್ಯ ಐಶ್ವರ್ಯಗಳನ್ನು ಕರುಣಿಸಲೆಂದು ಹಾರೈಸುವ' ಎಂಬ ಸಾಲು ಪರದೆಯಿಂದ ಹೋಯಿತು.

"ಮಿಸ್, ಇದು ಎಲ್ರಿಗೂ ಹಾಕೋ ಸಾಲು ಕಣ್ರಿ. ಹೋದ ವಾರ ದನದ ಡಾಕ್ಟ್ರಿಗೆ ಹಾಕಿದ್ವಿ. ಅದಕ್ಕೂ ಮೊದ್ಲು ಸೊಸೈಟಿ ಸೆಕ್ರೆಟ್ರಿಗೆ. ಯಾರೂ ವಾಪಸ್ ತಂದಿಲ್ಲ."

"ಯಾರೂ ಓದಿರಲ್ಲ, ಅದಕ್ಕೆ."

ನಿಖತ್ ನಕ್ಕಳು. ದಾವಣಗೆರೆಯ ಆ ಸಣ್ಣ ಡಿಟಿಪಿ ಅಂಗಡಿಯಲ್ಲಿ ಅವಳೇ ಟೈಪ್ ಮಾಡುವವಳು, ಅವಳೇ ಚೌಕಟ್ಟು ಹಾಕುವವಳು. ವಿದ್ಯಾನಗರದ ಶಾಲೆಯಲ್ಲಿ ಹತ್ತನೆಯ ತರಗತಿವರೆಗೆ ವಾಣಿಯ ಹತ್ತಿರ ಕನ್ನಡ ಕಲಿತವಳು. ನಾಳೆ ಅದೇ ಶಾಲೆಯಿಂದ ಹೆಡ್‌ಮಾಸ್ಟರ್ ಕೆಂಚವೀರಪ್ಪ ನಿವೃತ್ತರಾಗುತ್ತಾರೆ; ಅವರಿಗೆ ಕೊಡುವ ಬೀಳ್ಕೊಡುಗೆಯ ಬಿನ್ನವತ್ತಳೆ ಇದು.

"'ಇಂತಿ, ಸಿಬ್ಬಂದಿ ವರ್ಗ' ಅಂತಾದ್ರೂ ಇರ್ಲಾ?"

"ಸಿಬ್ಬಂದಿ ವರ್ಗ ಅಂದ್ರೆ ಯಾರು? ಯಾರೂ ಅಲ್ಲ. ಹೇಳೋರು ಯಾರು, ಕೇಳೋರಿಗೆ ಅವರು ಏನಾಗ್ಬೇಕು, ಅದು ಕೆಳಗೆ ಕಾಣ್ಬೇಕು."

ಕೆಂಚವೀರಪ್ಪನವರು ಪತ್ರಗಳನ್ನು ಕೆಳಗಿನಿಂದ ಓದುತ್ತಿದ್ದರು. ಆರು ವರ್ಷದ ಹಿಂದೆ ವಾಣಿ ಅವರ ಕೋಣೆಗೆ ಒಂದು ರಜೆ ಅರ್ಜಿ ಕಳಿಸಿದ್ದಳು. 'ಹರಿಹರದ ಆಸ್ಪತ್ರೆಯಿಂದ ಫೋನ್ ಬಂದಿದೆ. ಅಮ್ಮನಿಗೆ ಉಸಿರಾಟ ಕಷ್ಟವಾಗಿದೆ. ಈಗಲೇ ಹೊರಡಬೇಕು. ದಯವಿಟ್ಟು ಅನುಮತಿ ಕೊಡಿ. ವಾಣಿ.' ಅರ್ಜಿ ಹಿಂದಕ್ಕೆ ಬಂತು. ಅವಳ ಹೆಸರಿನ ಮೇಲೆ ಕೆಂಪು ಸುತ್ತು, ಪಕ್ಕದಲ್ಲಿ 'ವಿಧೇಯತೆ ಎಲ್ಲಿ?' 'ತಮ್ಮ ವಿಧೇಯಳು' ಸೇರಿಸಿ ಕೊಟ್ಟಳು. ಮತ್ತೆ ಬಂತು: 'ವಂದನೆಗಳೊಂದಿಗೆ' ಇಲ್ಲ. ಮೂರನೆಯದಕ್ಕೆ ಸಹಿ ಆಯಿತು. ಅಷ್ಟು ಹೊತ್ತು ಕೋಣೆಯ ಹೊರಗೆ ನಿಂತಿದ್ದಳು. ಬಸ್ಸು ಹರಿಹರ ಮುಟ್ಟಿದಾಗ ಅಮ್ಮ ಹೋಗಿ ಇಪ್ಪತ್ತು ನಿಮಿಷವಾಗಿತ್ತು.

"ಈಗ ಬರ್ಕೋ," ಎಂದಳು ವಾಣಿ.

ಅವಳು ಹೇಳಿದಂತೆ ನಿಖತ್ ಟೈಪ್ ಮಾಡಿದಳು. 'ತಾವು ಯಾವ ಪತ್ರವನ್ನೂ ಕೊನೆಯ ಸಾಲು ನೋಡದೆ ಬಿಡಲಿಲ್ಲ. ಅದು ತಮಗೆ ಒಪ್ಪಿಗೆಯಾಗುವವರೆಗೆ, ಯಾರ ಮನೆಯಲ್ಲಿ ಏನೇ ಆಗುತ್ತಿರಲಿ, ಯಾರನ್ನೂ ಕಳಿಸಲಿಲ್ಲ. ಇದನ್ನು ನಾವು ಮರೆಯುವುದಿಲ್ಲ. ಇಂತಿ, ತಮ್ಮ ಕೋಣೆಯ ಹೊರಗೆ ನಿಂತವರು.'

ನಿಖತ್‌ಳ ಬೆರಳುಗಳು ನಿಂತವು. "ಉಳಿದ ಟೀಚರ್‌ಗಳು ಒಪ್ತಾರಾ?"

ವಾಣಿ ಬ್ಯಾಗಿನಿಂದ ಕರಡು ತೆಗೆದಳು. ಆ ಸಾಲಿನ ಕೆಳಗೆ ಹನ್ನೊಂದು ಸಹಿಗಳಿದ್ದವು. "ಎಲ್ರೂ ನಿಂತೋರೇ. ಪ್ರೂಫ್ ಸರ್‌ಗೆ ಕಳ್ಸು. ನೋಡ್ದೆ ಅಚ್ಚಿಗೆ ಬಿಡಬಾರ್ದು ಅಂತ ಅವರೇ ಹೇಳ್ತಿದ್ರು."

ಮುಕ್ಕಾಲು ಗಂಟೆಯಲ್ಲಿ ಕೆಂಚವೀರಪ್ಪ ಆಟೋದಿಂದ ಇಳಿದರು. ಜೇಬಿನಲ್ಲಿ ಕೆಂಪು ಪೆನ್ನು. ನಿಖತ್ ಎದ್ದು ಕುರ್ಚಿ ಕೊಟ್ಟಳು. "ಕೂಡ್ರಿ ಸರ್."

"ವಾಣಿ ಮೇಡಂ, ಇದು ಮನೇಲಿ ಗೋಡೆಗೆ ಹಾಕೋದು. ಮೊಮ್ಮಕ್ಕಳು ಓದ್ತಾವೆ."

"ಓದ್ಲಿ ಸರ್. ಸುಳ್ಳು ಎಲ್ಲೈತೆ, ಸುತ್ತು ಹಾಕ್ರಿ. ಅಳಿಸ್ತೀನಿ."

ನಿಖತ್ ಪ್ರೂಫಿನ ಪ್ರತಿ ಮುಂದಿಟ್ಟಳು; ಅವರು ಪೆನ್ನು ತೆಗೆದರು. ಕೆಳಗಿನಿಂದ ಮೇಲಕ್ಕೆ ಓದಿದರು, ಮೇಲಿನಿಂದ ಕೆಳಕ್ಕೆ ಓದಿದರು. ಸುತ್ತು ಹಾಕಲು ಜಾಗ ಸಿಗಲಿಲ್ಲ. ಅವರ ಕಿವಿ ಕೆಂಪಾಗುವುದನ್ನು ವಾಣಿ ಕಣ್ಣು ಕೀಳದೆ ನೋಡಿದಳು. ಆರು ವರ್ಷದಲ್ಲಿ ಇಷ್ಟು ಸುಖ ಅವಳಿಗೆ ಯಾವುದರಲ್ಲೂ ಸಿಕ್ಕಿರಲಿಲ್ಲ.

ಅವರು ಒಂದು ಲಕೋಟೆ ಮುಂದಿಟ್ಟರು. "ಆವತ್ತಿನದಕ್ಕೆ ಕ್ಷಮೆ ಕೇಳಿ ಬರ್ದೀನಿ. ಇದನ್ನ ತಗೊಂಡು ಆ ಸಾಲನ್ನ ಬದಲಾಯ್ಸಿಬಿಡ್ರಿ."

ವಾಣಿ ಹಾಳೆಯನ್ನು ಬಿಡಿಸಿ, ಮೇಲಿನ ಭಾಗವನ್ನು ಅಂಗೈಯಿಂದ ಮುಚ್ಚಿದಳು. ಕೊನೆಯ ಸಾಲು ಮಾತ್ರ ಉಳಿಯಿತು. ಗಟ್ಟಿಯಾಗಿ ಓದಿದಳು: "'ಆದ ಅನಾನುಕೂಲಕ್ಕಾಗಿ ವಿಷಾದಿಸುತ್ತೇನೆ. ಇಂತಿ ತಮ್ಮ ವಿಶ್ವಾಸಿ.' ಟಾಯ್ಲೆಟ್ ರಿಪೇರಿ ಆದಾಗ ಬಾಗಿಲಿಗೆ ಇದೇ ಸಾಲು ಅಂಟಿಸಿದ್ರಿ ಸರ್."

ನಿಖತ್ ಪರದೆಯ ಹಿಂದೆ ಮುಖ ಮರೆಮಾಡಿಕೊಂಡಳು.

"ಮೇಲೆ ಓದಮ್ಮಾ. ಮೇಲೆ ಎಲ್ಲಾ ಬರ್ದೀನಿ. ನಿಮ್ಮಮ್ಮನ ವಿಷಯಾನೂ ಐತೆ."

"ನನ್ನ ಅರ್ಜೀಲೂ ಮೇಲೇನೇ ಇತ್ತು."

ಕೆಂಚವೀರಪ್ಪ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಕೊನೆಯ ಸಾಲಿಗೆ ತಾವೇ ಅಡ್ಡಗೀಟು ಹಾಕಿದರು. ಪೆನ್ನು ಅಲ್ಲೇ ನಿಂತಿತು. ನಲವತ್ತು ವರ್ಷ ಊರಿಗೆಲ್ಲ ಸಾಲು ತಿದ್ದಿದವರಿಗೆ ತಮ್ಮದೊಂದು ಹೊಳೆಯಲಿಲ್ಲ.

"ಏನ್ ಬರೀಲಿ, ನೀನೇ ಹೇಳು. ಹೇಳಿದ್ದನ್ನೇ ಬರಿತೀನಿ. ಇಲ್ಲೇ, ಈ ಹುಡುಗಿ ಎದ್ರಿಗೇ."

"ಬ್ಯಾಡ ಸರ್," ಎಂದಳು ವಾಣಿ. "ನಿಖತ್, ಇದ್ದಂಗೇ ಅಚ್ಚಿಗೆ ಬಿಡು."