ಮೊತ್ತ ಸರಿ, ಒಬ್ಬರು ಕಾಣೆ

ಲೆಕ್ಕ ತಾಳೆ ನೋಡುವುದರಲ್ಲಿ ನನ್ನನ್ನು ಮೀರಿಸುವವರು ಮೂರು ಲೋಕದಲ್ಲಿಲ್ಲ. ನನ್ನ ಕಣ್ಣು ಬಿದ್ದರೆ ತಪ್ಪುಗಳು ತಾವಾಗಿಯೇ ಎದ್ದು ಕೈಮುಗಿಯುತ್ತವೆ. ಆವತ್ತು ನಮ್ಮ ಕಾರ್ಖಾನೆ ಸರಬರಾಜುದಾರರಿಗೆ ಕೊಡಬೇಕಾದ ಬಾಕಿಯೆಲ್ಲ ಹಳೆಯ ಸಾಫ್ಟ್‌ವೇರ್‌ನಿಂದ ಹೊಸ ಇಆರ್‌ಪಿ ವ್ಯವಸ್ಥೆಗೆ ಬಂದಿತ್ತು. ತಂದು ಹಾಕಿದವಳು ನಾನು ‘ತಂಗಿ’ ಎಂದು ಕರೆಯುವ ಸಹೋದ್ಯೋಗಿ, ತುಂಬು ಗರ್ಭಿಣಿ. ನಾನು ಪರಿಶೀಲಿಸಿ ಸಹಿ ಹಾಕಿದರೆ ಅವಳ ಹೆರಿಗೆ ರಜೆ ಶುರು.

“ಒಟ್ಟು ಮೊತ್ತ ಕೊನೆಯ ಅಂಕಿಯವರೆಗೂ ತಾಳೆಯಾಗಿದೆ ಅಣ್ಣ, ಬೇಗ ಗೀಚು.”

ನಾನು ಖಾತೆಗಳನ್ನು ಎಣಿಸಿದೆ. ಹೊಸದರಲ್ಲಿ ಒಂದು ಕಡಿಮೆ.

“ಮೊತ್ತ ಸರಿ ಕಣೇ, ಒಬ್ಬರು ಕಾಣೆ.”

ಎರಡು ಪಟ್ಟಿಗಳನ್ನೂ ಹೋಲಿಸಿ ನೋಡಿದಾಗ ಅವಳ ಮುಖ ಬಾಡಿತು. ಚೀಲ ಹೊಲಿದು ಕೊಡುವ ಅಜ್ಜಿಯ ಅಂಗಡಿಗೂ ಡಬ್ಬ ಮಾಡುವ ದೊಡ್ಡ ಕಂಪನಿಗೂ ಒಂದೇ ಹೆಸರು. ಒಂದೇ ಖಾತೆ ಎರಡು ಸಲ ಬಂದಿದೆ ಎಂದುಕೊಂಡು ಅವಳು ಎರಡನ್ನೂ ಸೇರಿಸಿಬಿಟ್ಟಿದ್ದಳು. ಹಾಗೇ ಬಿಟ್ಟಿದ್ದರೆ ನಾಳೆ ಅಜ್ಜಿಯ ಹಣವೂ ಕಂಪನಿಗೇ ಹೋಗುತ್ತಿತ್ತು.

“ಪಾಪ, ಅಜ್ಜಿ...” ಎಂದು ಅವಳು ಕಣ್ಣೊರೆಸಿಕೊಂಡಳು.

ಊದಿದ ಅವಳ ಕಾಲಿಗೆ ಸ್ಟೂಲ್ ಎಳೆದಿಟ್ಟೆ. ಅವಳು ಖಾತೆ ಬೇರ್ಪಡಿಸಿದಳು. ನಾನು ಒಬ್ಬೊಬ್ಬರ ಬಾಕಿಯನ್ನೂ ಹಳೆಯದರ ಜೊತೆ ಹೋಲಿಸಿ, ಎಲ್ಲ ಸರಿಯಾದ ಮೇಲೆ ಸಹಿ ಹಾಕಿದೆ.

“ನಿನ್ನ ಮಗುವಿಗೆ ನನ್ನ ಕಣ್ಣೇ ಬರಲಿ!”

ಅವಳು ಬ್ಯಾಗ್ ಹೆಗಲಿಗೇರಿಸಿ ನಕ್ಕಳು. “ಕಣ್ಣು ಬರಲಿ ಅಣ್ಣ. ಬಾಯಿ ಮಾತ್ರ ಬೇಡಪ್ಪ.”