ನಾಲ್ಕು ಪುಟದೊಳಗಿನ ಪಾಂಡಪ್ಪನವರು

ಡಾ. ಪಾಂಡಪ್ಪನವರ ಸಿ.ವಿ. ನಲವತ್ತಾರು ಪುಟವಿತ್ತು. ಗೋವಾದ ಕೆಪೆಯ ಕ್ರೀಡಾ ಸಂಘವೊಂದು ಹೊದಿಸಿದ ಶಾಲಿಗೂ ಅದರಲ್ಲಿ ಒಂದು ಸಾಲು ಮೀಸಲಾಗಿತ್ತು. ಆದರೆ 2011ರಲ್ಲಿ ಹೊಸ ಸಂಶೋಧನಾ ಯೋಜನೆಯೊಂದರ ಅನುದಾನಕ್ಕೆ ಹಾಕುತ್ತಿದ್ದ ಅರ್ಜಿಗೆ ಪರದೇಶದ ಆರೋಗ್ಯ ನಿಧಿಯವರು ಕೇಳಿದ್ದು ನಾಲ್ಕೇ ಪುಟ. ಪ್ರಬಂಧಗಳು ಹದಿನೈದನ್ನು ಮೀರಬಾರದು, ಇನ್ನೂ ಯಾವ ಪತ್ರಿಕೆಯೂ ಒಪ್ಪಿಕೊಳ್ಳದವು ಬೇಡವೇ ಬೇಡ. ಎಲ್ಲಕ್ಕೂ ಮೊದಲು, ಈ ಯೋಜನೆಯ ಈ ಕೆಲಸಕ್ಕೆ ತಾನೇ ಏಕೆ ತಕ್ಕವನು ಎಂದು ‘ನಾನು’ ಹಚ್ಚಿ ಒಂದು ನಿರೂಪಣೆ ಬರೆಯಬೇಕು. ಅರ್ಜಿ ಕಳಿಸಲು ಅಂದೇ ಕೊನೆಯ ದಿನ.

ಮಡಗಾಂವಿನ ಆ ಸಂಶೋಧನಾ ಸಂಸ್ಥೆಯಲ್ಲಿ ಈ ಕತ್ತರಿ ಕೆಲಸ ಡಾ. ಗೀತಾಂಜಲಿಯ ಪಾಲಿಗೆ ಬಂದಿತ್ತು. ಯೋಜನೆಗೆ ಪಾಂಡಪ್ಪನವರು ಮುಖ್ಯ ಸಂಶೋಧಕರು, ಆಕೆ ಸಹಸಂಶೋಧಕಿ; ಇಬ್ಬರೂ ತಮ್ಮ ತಮ್ಮ ನಾಲ್ಕು ಪುಟ ಕೊಡಬೇಕಿತ್ತು. ಆಕೆಯ ಗುತ್ತಿಗೆ ಮಾರ್ಚಿಗೆ ಮುಗಿಯಲಿತ್ತು. ಯೋಜನೆ ಬಂದರೆ, ಅದರಲ್ಲಿ ಆಕೆಯ ಹೆಸರೂ ಉಳಿದರೆ, ಕೆಲಸ, ಇಲ್ಲವಾದರೆ ಇಲ್ಲ.

“ಶಾಲು ತಗದೀಯೇನು?”

“ತಗದೀನ್ರಿ ಸರ್.”

“ಭಾಳ ಚಲೋ ಶಾಲಿತ್ತವಾ ಅದು.” ಸತ್ತವರನ್ನು ನೆನೆದಂತೆ ಅಂದು, ಪಾಂಡಪ್ಪನವರು ನಿರೂಪಣೆಯನ್ನು ಹೇಳಿ ಬರೆಸತೊಡಗಿದರು: ಸಾಂಗೆಯ ಗಣಿ ಕಾರ್ಮಿಕರ ಶ್ವಾಸಕೋಶ ಸಮೀಕ್ಷೆಯನ್ನು ನಾನು ರೂಪಿಸಿದೆ. ಮನೆಗಳ ಆಯ್ಕೆ, ಪ್ರಶ್ನಾವಳಿ, ಅಂಕಿಅಂಶಗಳ ವಿಶ್ಲೇಷಣೆ ನಾನೇ ಮಾಡಿದೆ.

ಗೀತಾಂಜಲಿಯ ಬೆರಳು ನಿಂತವು. ಅದಷ್ಟೂ ಆಕೆ ಮಾಡಿದ ಕೆಲಸ. ನಿನ್ನೆ ತನ್ನ ನಾಲ್ಕು ಪುಟದಲ್ಲಿ ಅದನ್ನೇ ಬರೆದು ಅನುದಾನ ವಿಭಾಗಕ್ಕೆ ಕೊಟ್ಟಿದ್ದಳು.

“ಯಾಕ, ಕರೆಂಟ್ ಹೋತೇನು?”

ಆಕೆ ತುಟಿ ಕಚ್ಚಿ ಬೆರಳಚ್ಚಿಸಿದಳು. ಪ್ರತಿ ಮುದ್ರಿಸಿ ಅನುದಾನ ವಿಭಾಗಕ್ಕೆ ಕಳಿಸಿದಳು.

ಅಲ್ಲಿನ ಕೇಸರಿಬಾಯಿ ಇಬ್ಬರ ಪ್ರತಿಗಳನ್ನೂ ಹಿಡಿದು ತಾವೇ ಬಂದರು. ಅವರು ಓದದೆ ಯಾವ ಅರ್ಜಿಯೂ ಸಂಸ್ಥೆಯ ಹೊಸ್ತಿಲು ದಾಟುತ್ತಿರಲಿಲ್ಲ.

“ಡಾಕ್ಟರ್ರ, ಒಂದ ಕೂಸನ್ನ ಇಬ್ರು ಹಡದಾರಲ್ರಿ ಇಲ್ಲಿ!”

“ಅಂದ್ರ?”

“ಪ್ರಬಂಧದ ಪಟ್ಟಿಯೊಳಗ ಇಬ್ರ ಹೆಸರೂ ಇದ್ರ ಯಾರೂ ಏನೂ ಅನ್ನಂಗಿಲ್ಲ. ಇಲ್ಲಿ ಇಬ್ರೂ ‘ನಾನ ಮಾಡಿದೆ’ ಅಂದೀರಿ. ಎರಡೂ ಒಂದ ಅರ್ಜಿಯೊಳಗ ಹೋಗ್ತಾವ್ರಿ. ಓದಾವ್ರು ಒಂದರ ಬೆನ್ನಿಗೆ ಒಂದ ಓದತಾರ.”

“ಹಂಗಾರ ಆಕಿದು ತಿದ್ದಸ್ರಿ.”

ಗೀತಾಂಜಲಿ ಎದ್ದು ನಿಂತಳು. “ಅದನ್ನ ತಗದ್ರ ನಾ ಯಾಕ ಈ ಯೋಜನೆಯೊಳಗ ಇದೀನಿ ಅಂತ ಕೇಳತಾರ್ರಿ ಸರ್.”

“ನನ್ನದರಾಗ ತಗದ್ರ ನನ್ನ ಕೇಳಂಗಿಲ್ಲೇನು?” ದನಿ ಏರಿತ್ತು, ಆದರೆ ಕೊನೆಯಲ್ಲಿ ಸ್ವಲ್ಪ ಒಡೆಯಿತು. ನಲವತ್ತಾರು ಪುಟದ ಮನುಷ್ಯ ನಿಜಕ್ಕೂ ಉತ್ತರಕ್ಕೆ ಕಾಯುತ್ತಿದ್ದರು.

“ಕೇಳತಾರ್ರಿ. ಅದಕ್ಕ ಉತ್ತರ ಐತ್ರಿ. ನೀವು ಹೇಳಿಲ್ಲ ಅಷ್ಟ.”

ಆಕೆ ಕುಳಿತು ಅವರ ನಿರೂಪಣೆಯನ್ನು ಅಳಿಸಿ ಹೊಸದಾಗಿ ಬರೆದಳು. ಕಾಗದ ಬಿಸಿಯಾಗಿಯೇ ಅವರ ಕೈಗೆ ಹೋಯಿತು. ಇಂಗ್ಲಿಷಿನಲ್ಲಿದ್ದ ಅದರ ಸಾರ ಇಷ್ಟು: ಊದಿದರೆ ರೋಗ ಬಯಲಾಗಿ ಕೆಲಸ ಹೋಗುತ್ತದೆಂದು ಕಾರ್ಮಿಕರು ಉಸಿರು ಅಳೆಯುವ ಯಂತ್ರ ಮುಟ್ಟಲಿಲ್ಲ. ಯಾರ ಫಲಿತಾಂಶವೂ ಕಂಪನಿಗೆ ಹೋಗುವುದಿಲ್ಲವೆಂದು ನಾನು ಮಾಲೀಕರಿಂದ ಬರೆಸಿಕೊಂಡೆ. ಸಾಂಗೆಯ ಚಹಾದಂಗಡಿಯಲ್ಲಿ ಎಲ್ಲರೆದುರು ಮೊದಲು ನಾನೇ ಊದಿದೆ. ನನ್ನ ಅಂಕಿ ಕಡಿಮೆ ಬಂತು. ಅವರು ನಕ್ಕು ಸರದಿಗೆ ನಿಂತರು.

ಪಾಂಡಪ್ಪನವರ ಮುಖ ಕೆಂಪಾಯಿತು. “ಚಹಾದಂಗಡಿ ಬರದೀಯಲ್ಲ! ನಲವತ್ತಾರು ಪುಟದಾಗ ಎಲ್ಲೈತಿ ಇದು?”

“ಎಲ್ಲೂ ಇಲ್ರಿ. ಸಿ.ವಿ.ಯೊಳಗ ಇದಕ್ಕ ಜಾಗಾನ ಇರಲಿಲ್ಲ.”

“ಇದು ವಿಜ್ಞಾನ ಅಲ್ಲ, ಪಂಚಾಯ್ತಿಕಿ!”

“ಪಂಚಾಯ್ತಿಕಿ ಇಲ್ಲದ ಒಬ್ಬಾದ್ರೂ ಊದತಿದ್ನೇನ್ರಿ?” ಎಂದರು ಕೇಸರಿಬಾಯಿ. “ಹೊಸ ಯೋಜನೆ ಕುಂಕಳ್ಳಿ ಕಾರ್ಖಾನಿಗಳದು. ಗೇಟಿನ ಒಳಗ ಬಿಡಸಾವ್ರು ಯಾರು ಅಂತ ಮೊದಲ ನೋಡತಾರ ನಿಧಿಯಾವ್ರು. ಲಗೂ ಹೇಳ್ರಿ, ಬಾಗಿಲಾ ಹಾಕೋ ಹೊತ್ತಾತು.”

ಪಾಂಡಪ್ಪನವರು ಕಿಟಕಿಯ ಬಳಿ ಹೋಗಿ ಮತ್ತೊಮ್ಮೆ ಓದಿದರು. ಈ ಸಲ ತುಟಿ ಅಲುಗಿದವು. ಎಲ್ಲೋ ಒಂದು ಕಡೆ ನಗು ಬಂದದ್ದನ್ನು ಕೆಮ್ಮಿನಲ್ಲಿ ಮುಚ್ಚಿದರು.

“ಸಮೀಕ್ಷೆ ರೂಪಿಸಿದ್ದು ಆಕಿದರಾಗ ಇರಲಿ,” ಎಂದರು, ಯಾರ ಮುಖವನ್ನೂ ನೋಡದೆ. ಆಮೇಲೆ ಗೀತಾಂಜಲಿಯತ್ತ ತಿರುಗಿದರು. “ಆದ್ರ ನನ್ನ ಅಂಕಿ ಕಡಿಮಿ ಬಂತು ಅಂತ ಯಾಕ ಬರದಿ?”

“ಬಂದಿತ್ತಲ್ರಿ ಸರ್.”

“ಹಂಗಾರ ಮುಂದ ಒಂದು ಸಾಲು ಸೇರಸು. ಈಗ ಸಿಗರೇಟು ಬಿಟ್ಟೀನಿ ಅಂತ.”

“ಬಿಟ್ಟೀರೇನ್ರಿ?”

“ಅರ್ಜಿ ಒಂದ ಹೋಗಲಿ, ಆಮ್ಯಾಲ ಬಿಡತೀನಿ.”

“ಕೆಳಗ ಖರೇ ಅಂತ ಸಹಿ ಮಾಡೋದೈತ್ರಿ,” ಎಂದು ಕೇಸರಿಬಾಯಿ ಅವರ ಕೈಯಿಂದ ಕಾಗದ ಕಿತ್ತುಕೊಂಡರು. ಆ ಸಾಲಿಲ್ಲದೆಯೇ ಅರ್ಜಿ ಹೋಯಿತು.