ಬಹುದು, ಬಾರದು

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಕತ್ತರಿ ಅಂತಲೇ ಕರೆಯುತ್ತಿದ್ದರು. ಯಾರಾದರೂ ಅಪ್ಪಿತಪ್ಪಿ ನಿಜವಾದ ಹೆಸರು ಹಿಡಿದು ಕೂಗಿದರೆ, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದು ಅವಳೇ ಸುಮ್ಮನಿರುತ್ತಿದ್ದಳು. ಕಣ್ಣಿಗೆಂದು ಬರೆದದ್ದನ್ನು ಕಿವಿಗೆ ಒಗ್ಗುವಂತೆ ತಿದ್ದುವುದು ಅವಳ ಕೆಲಸ. ಪುಸ್ತಕ, ಸಾಕ್ಷ್ಯಚಿತ್ರ, ಕಚೇರಿಯ ಪ್ರಕಟಣೆ, ಏನೇ ಬರಲಿ, ಮೊದಲು ಬಾಗಿಲು ಹಾಕಿಕೊಂಡು ಒಮ್ಮೆ ಜೋರಾಗಿ ಓದುವಳು. ಉಸಿರು ಎಲ್ಲಿ ಕಟ್ಟುತ್ತದೋ ಅಲ್ಲೊಂದು ಗೆರೆ. ‘ಸದರಿ’, ‘ತಕ್ಕದ್ದು’, ‘ಮಾಡಲ್ಪಡುವ’ ಇವೆಲ್ಲ ನೇರ ಕಸದ ಬುಟ್ಟಿಗೆ. ‘ಮೇಲ್ಕಂಡ’ ಕಂಡರಂತೂ ಅವಳಿಗೆ ನಗು. “ಕೇಳೋನಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ಅವನು ಎಲ್ಲಿ ಅಂತ ನೋಡ್ತಾನೆ, ಸೂರು ನೋಡ್ತಾನಾ?” ಎನ್ನುವಳು.

ಹೃದಯದ ಆಸ್ಪತ್ರೆಯೊಂದರಿಂದ ಬಂದ ಕೆಲಸವನ್ನು ಅವಳು ವಿಶೇಷ ಅಕ್ಕರೆಯಿಂದ ಮಾಡಿದ್ದಳು. ರಕ್ತನಾಳದಲ್ಲಿ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಹೋಗುವವರಿಗೆ ಕೊಡುವ ಸೂಚನೆಗಳವು. ಓದು ಬಾರದವರೂ ಕೇಳಿ ತಿಳಿಯಲಿ ಎಂದು ಆಸ್ಪತ್ರೆಯವರು ಧ್ವನಿಮುದ್ರಣ ಮಾಡಿಸಿದ್ದರು. ಓದಿದವನು ರಂಗದ ಮೇಲೆ ಪಳಗಿದ ಕಲಾವಿದ. ಸ್ಟುಡಿಯೋದಲ್ಲಿ ಅವನ ಹೆಸರು ದೊಡ್ಡ ಗಂಟಲು. ಆಸ್ಪತ್ರೆಯ ಡಾಕ್ಟರಮ್ಮ ಅವಳ ಬರಹವನ್ನು ಸಾಲುಸಾಲಾಗಿ ಓದಿ, “ಇಷ್ಟು ಸರಳವಾಗಿ ನಾವು ಮಾತಾಡೋದನ್ನೇ ಮರೆತಿದ್ವಿ ನೋಡಿ” ಎಂದು ಒಪ್ಪಿಗೆ ಕೊಟ್ಟಿದ್ದರು. ಆ ಮಾತು ಕೇಳಿ ಕತ್ತರಿ ಒಳಗೊಳಗೇ ಉಬ್ಬಿಹೋಗಿದ್ದಳು.

ಅದಾದ ಮೇಲೆ ಅವಳ ಸೋದರಮಾವನಿಗೇ ಎದೆನೋವು ಬಂತು. ಅದೇ ಆಸ್ಪತ್ರೆ, ಅದೇ ಸ್ಟೆಂಟ್. ಮನೆಗೆ ಹೊರಡುವಾಗ ಮಾವನ ಫೋನಿಗೂ ಆ ಧ್ವನಿ ಬಂದಿತ್ತು. “ಇದು ನಮ್ಮ ಪುಟ್ಟಿ ಬರೆದದ್ದು” ಎಂದು ಮಾವ ಪಕ್ಕದ ಹಾಸಿಗೆಯವರಿಗೆಲ್ಲ ಕೇಳಿಸಿ, ಆಸ್ಪತ್ರೆಯ ಸಿಸ್ಟರ್ ಕೈಯಲ್ಲಿ ಬೈಸಿಕೊಂಡಿದ್ದರು.

ಭಾನುವಾರ ಬೆಳಿಗ್ಗೆ ಅವರನ್ನು ನೋಡಲು ಹೋದಾಗ ಮಾವ ಬಾಲ್ಕನಿಯಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದರು. ಮುಖದಲ್ಲಿ ಕಳೆ ಬಂದಿತ್ತು. “ನೋಡು, ಗಟ್ಟಿಮುಟ್ಟಾಗಿದ್ದೀನಿ. ಮಾತ್ರೆ ಕೂಡ ಕಮ್ಮಿ ಮಾಡಿದೆ” ಎಂದರು.

“ಡಾಕ್ಟರು ಹೇಳಿದ್ರಾ ಮಾವ?”

“ಡಾಕ್ಟರ್ ಯಾಕೆ? ನೀನೇ ಹೇಳಿದ್ದೀಯಲ್ಲ! ನೋವು ಹೋಗುತ್ತೆ, ಮೈ ಹಗುರ ಆಗುತ್ತೆ, ಆಗ ಆ ರಕ್ತದ ಮಾತ್ರೆ ನಿಲ್ಲಿಸಬಹುದು ಅಂತ.”

ಅವಳು ಮಾವ ತಮಾಷೆ ಮಾಡುತ್ತಿದ್ದಾರೆಂದೇ ತಿಳಿದಳು. ಮಾವ ತಮಾಷೆ ಮಾಡುತ್ತಿರಲಿಲ್ಲ. ಮೊನ್ನೆಯಿಂದ ಆ ಮಾತ್ರೆ ಮುಟ್ಟಿಲ್ಲ ಎಂದು ಅತ್ತೆ ಅಡುಗೆಮನೆಯಿಂದಲೇ ಹೇಳಿದರು. ಸ್ಟೆಂಟ್ ಹಾಕಿದ ಹೊಸದರಲ್ಲಿ ಆ ಮಾತ್ರೆ ಬಿಟ್ಟರೆ ಅದರೊಳಗೇ ರಕ್ತ ಹೆಪ್ಪುಗಟ್ಟಬಹುದು, ಪ್ರಾಣಕ್ಕೇ ಕುತ್ತು ಬರಬಹುದು. ಕೆಲಸ ಮಾಡುವಾಗ ಡಾಕ್ಟರಮ್ಮನಿಂದಲೇ ಕೇಳಿ ತಿಳಿದುಕೊಂಡದ್ದು ಅದು.

“ಮಾವ, ಆ ನೀರಿನ ಚೊಂಬು ಇಡಿ. ಚಪ್ಪಲಿ ಹಾಕ್ಕೊಳ್ಳಿ. ಈಗಲೇ ಆಸ್ಪತ್ರೆಗೆ ಹೋಗೋಣ.”

“ಏನಾಯ್ತೇ? ನಾನು ಚೆನ್ನಾಗೇ ಇದ್ದೀನಲ್ಲ!”

“ಚೆನ್ನಾಗಿರೋವಾಗಲೇ ಹೋಗೋಣ.”

ಆಸ್ಪತ್ರೆಗೆ ಫೋನ್ ಮಾಡಿದರೆ, ತಕ್ಷಣ ಕರೆದುಕೊಂಡು ಬನ್ನಿ ಎಂದರು. ಆಟೋದಲ್ಲಿ ಮಾವ ದಾರಿಯುದ್ದಕ್ಕೂ ಗೊಣಗಿದರು. ಅವರು ಒಮ್ಮೆ ಕೆಮ್ಮಿದಾಗ ಕತ್ತರಿಯ ಜೀವ ಬಾಯಿಗೆ ಬಂತು. ಅವರು ಸುಮ್ಮನಾದಾಗ ಇನ್ನೂ ಹೆದರಿಕೆಯಾಯಿತು. ಅತ್ತೆಯ ಕಣ್ಣು ಮಾವನ ಮುಖ ಬಿಟ್ಟು ಅಲ್ಲಾಡಲಿಲ್ಲ.

ಮಾವನನ್ನು ಒಳಗೆ ಕರೆದೊಯ್ದು ಇಸಿಜಿ ತೆಗೆದರು, ರಕ್ತ ತೆಗೆದರು. ಹೊರಗೆ ಬೆಂಚಿನ ಮೇಲೆ ಕುಳಿತು ಕತ್ತರಿ ಫೋನ್ ಕಿವಿಗಿಟ್ಟುಕೊಂಡು ಆ ಧ್ವನಿ ಕೇಳಿದಳು. ‘ಎದೆನೋವು ಹೋಗುತ್ತದೆ. ಮೈ ಹಗುರ ಅನಿಸುತ್ತದೆ. ಆಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ನಿಲ್ಲಿಸಬಾರದು.’ ಸರಿಯಾಗೇ ಇದೆ. ಫೋನ್ ಕಿವಿಯಿಂದ ತೆಗೆದು, ಮಾವ ಇಡುವ ಹಾಗೆ ದೂರ ಮಡಿಲಲ್ಲಿಟ್ಟು ಮತ್ತೆ ಹಾಕಿದಳು. ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು. ‘...ಮಾತ್ರೆಯನ್ನು ನಿಲ್ಲಿಸಬ...ದು.’ ದೊಡ್ಡ ಗಂಟಲು ಸಾಲಿನ ಕೊನೆಯಲ್ಲಿ ದನಿ ಇಳಿಸುತ್ತಾನೆ. ಓದುವವರೆಲ್ಲ ಇಳಿಸುತ್ತಾರೆ. ಬಹುದೋ, ಬಾರದೋ? ದೇವರೇ ಬಲ್ಲ.

“ನಿನ್ನದೇನೂ ತಪ್ಪಿಲ್ಲ ಬಿಡು,” ಎಂದರು ಅತ್ತೆ, ಅವಳ ಮುಖ ನೋಡಿ. “ಅವರ ಎಡಗಿವಿ ಮೊದಲಿಂದಲೂ ಮಂದ. ಬಾ ಅಂದರೆ ಹೋಗ್ತಾರೆ.”

ಆ ಮಾತು ಎಷ್ಟು ಹಿತವಾಗಿತ್ತೆಂದರೆ ಅವಳು ಅದಕ್ಕೇ ಆತುಕೊಂಡು ಕೂತುಬಿಡಬಹುದಿತ್ತು. ಕಿವಿ ಮಂದ. ಬರಹ ಸರಿ. ಡಾಕ್ಟರಮ್ಮನ ಒಪ್ಪಿಗೆಯೂ ಇದೆ. ಆದರೆ ಮೂಲದ ಸಾಲು ಅವಳ ತಲೆಯೊಳಗೆ ಕೊರೆಯತೊಡಗಿತ್ತು. ‘ರೋಗಿಯು ಸಂಪೂರ್ಣವಾಗಿ ಗುಣಮುಖನಾದಂತೆ ಭಾವಿಸಿದರೂ, ತಜ್ಞವೈದ್ಯರ ಸೂಚನೆಯ ಹೊರತು ಸದರಿ ಮಾತ್ರೆಯ ಸೇವನೆಯನ್ನು ಸ್ಥಗಿತಗೊಳಿಸತಕ್ಕದ್ದಲ್ಲ.’ ಎಂಥ ಒರಟು ಸಾಲು ಎಂದು ಅವತ್ತು ನಕ್ಕು ಮೂರು ತುಂಡು ಮಾಡಿದ್ದಳು. ತುಂಡು ಮಾಡುವಾಗ ‘ಭಾವಿಸಿದರೂ’ ಹೋಯಿತು. ಆ ‘ರೂ’ ಒಂದಿದ್ದರೆ ಮುಂದೆ ಅಡ್ಡ ಮಾತು ಬರುತ್ತದೆ ಎಂದು ಕಿವಿಗೆ ಮೊದಲೇ ಗೊತ್ತಾಗುತ್ತದೆ. ಅವಳು ಅದರ ಜಾಗದಲ್ಲಿ ‘ಆಗ’ ಹಾಕಿದ್ದಳು. ನೋವು ಹೋಗುತ್ತದೆ, ಹಗುರ ಅನಿಸುತ್ತದೆ, ಆಗ... ಇಷ್ಟು ಕೇಳಿದ ಯಾರಿಗಾದರೂ ಮನಸ್ಸು ‘ನಿಲ್ಲಿಸಬಹುದು’ ಎಂದೇ ಓಡುತ್ತದೆ. ಬೇಡ ಅನ್ನುವ ಮಾತು ಬರುವುದು ಕಟ್ಟಕಡೆಗೆ, ಒಂದೆರಡು ಅಕ್ಷರದ ಅಂತರದಲ್ಲಿ, ಅದೂ ದನಿ ಇಳಿಯುವ ಹೊತ್ತಿಗೆ.

ಮಾವನ ಕಿವಿ ಮಂದ, ನಿಜ. ಆದರೆ ಆ ಆಸ್ಪತ್ರೆಯಿಂದ ಮನೆಗೆ ಹೋದವರಲ್ಲಿ ಕಿವಿ ಚುರುಕಾಗಿರುವ ಹರೆಯದವರು ಎಷ್ಟು ಮಂದಿ?

ಡಾಕ್ಟರಮ್ಮ ಹೊರಗೆ ಬಂದರು. “ಸದ್ಯಕ್ಕೆ ಏನೂ ತೊಂದರೆ ಕಾಣ್ತಿಲ್ಲ. ಮಾತ್ರೆ ಮತ್ತೆ ಶುರು ಮಾಡಿದ್ದೀವಿ. ಇವತ್ತು ಇಲ್ಲೇ ಇರಲಿ, ಗಮನಿಸ್ತೀವಿ.”

ಅತ್ತೆ ಕೈ ಮುಗಿದು ಅಲ್ಲೇ ಕುಸಿದು ಕೂತರು. ಕತ್ತರಿ ಎದ್ದು ನಿಂತಳು. “ಮೇಡಂ, ಅವರೊಬ್ಬರೇ ಅಲ್ಲ. ಆ ಸಾಲು ಬರೆದವಳು ನಾನು. ಸ್ವಲ್ಪ ಕೇಳ್ತೀರಾ?”

ಗದ್ದಲದ ನಡುವೆ ಫೋನ್ ಎತ್ತಿ ಹಿಡಿದಳು. ಡಾಕ್ಟರಮ್ಮ ಒಮ್ಮೆ ಕೇಳಿದರು. “ಇನ್ನೊಂದ್ಸಲ ಹಾಕಿ” ಎಂದರು. ಅವರ ಹುಬ್ಬು ಗಂಟಾಯಿತು.

“ಇದನ್ನ ನಾನೇ ನೋಡಿ ಒಪ್ಪಿದ್ನಲ್ಲ?”

“ನೋಡಿದ್ರಿ ಮೇಡಂ. ನೋಡೋಕೆ ಸರಿಯಾಗೇ ಇತ್ತು. ನಾವಿಬ್ರೂ ಕೇಳಲಿಲ್ಲ.”

ಡಾಕ್ಟರಮ್ಮ ಸಿಸ್ಟರನ್ನು ಕೂಗಿದರು. ಆ ಧ್ವನಿ ಕಳುಹಿಸುವುದನ್ನು ಅಲ್ಲಿಗೇ ನಿಲ್ಲಿಸಿ, ತೆಗೆದುಕೊಂಡು ಹೋದವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ಎಂದರು. “ಮಾತ್ರೆ ತಗೋತಿದ್ದೀರಾ ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. ಯಾವ ಯಾವ ಮಾತ್ರೆ ತಗೋತಿದ್ದೀರಿ ಹೇಳಿ ಅನ್ನಿ.”

ಕತ್ತರಿ ಸ್ಟುಡಿಯೋಗೆ ಓಡಿದಳು. ರಜೆಯ ದಿನವಾದರೂ ದೊಡ್ಡ ಗಂಟಲು ಕರೆದ ಕೂಡಲೇ ಬಂದ. ವಿಷಯ ಕೇಳಿ ಅವನ ದನಿಯೇ ಸಣ್ಣದಾಯಿತು. “ಅಯ್ಯೋ, ಕೊನೆ ನುಂಗಿದ್ದು ನಾನಲ್ವೇನೇ?”

“ನೀನು ನುಂಗಿದರೂ ಅರ್ಥ ಉಳೀಬೇಕಣ್ಣ. ಹಾಗೆ ಬರೀಬೇಕಿತ್ತು ನಾನು.”

ಅವಳು ಬರೆಯಲು ಕೂತಳು. ‘ಗುಣವಾದಂತೆ ಅನಿಸಿದರೂ ಮಾತ್ರೆ ನಿಲ್ಲಿಸಬಾರದು’ ಎಂದು ಬರೆದು ಹೊಡೆದು ಹಾಕಿದಳು. ‘ರೂ’ ಬಂದಿತು, ಆದರೆ ‘ಬಾರದು’ ಇನ್ನೂ ಬಾಲದಲ್ಲೇ ಇತ್ತು. ‘ನಿಲ್ಲಿಸಬೇಡಿ’ ಎಂದಳು. ವಾಸಿ. ಆದರೆ ಬೇಡ ಎಂಬುದನ್ನು ಕೇಳುವ ಮೊದಲು ಏನು ಬೇಕು ಎಂಬುದು ಕಿವಿಗೆ ಬೀಳಬೇಕಲ್ಲ? ಕೊನೆಗೆ ಹೀಗಾಯಿತು:

‘ಈಗ ಹೇಳುವ ಮಾತು ತುಂಬ ಮುಖ್ಯ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನಿಮಗೆ ದಿನಾ ಬೇಕು. ನೋವು ಹೋದರೂ ಬೇಕು. ಮೈ ಹಗುರವಾದರೂ ಬೇಕು. ಯಾವ ಕಾರಣಕ್ಕೂ ಈ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಏನೇ ತೊಂದರೆಯಾದರೂ ಮೊದಲು ನಿಮ್ಮ ಹೃದಯದ ಡಾಕ್ಟರನ್ನು ಕೇಳಿ.’

“ಉದ್ದ ಆಯ್ತಲ್ಲ? ಬೇಕು ಬೇಕು ಅಂತ ಮೂರು ಸಲ ಇದೆ. ನೀನೇ ಹೊಡೆದು ಹಾಕ್ತಿದ್ದೆ ಇಂಥದ್ದನ್ನ,” ಎಂದ ದೊಡ್ಡ ಗಂಟಲು.

“ಕಣ್ಣಿಗೆ ಬೇಜಾರಾಗುತ್ತೆ. ಕಿವಿಗೆ ಹಿಂದಕ್ಕೆ ತಿರುಗಿ ನೋಡೋಕಾಗಲ್ಲವಲ್ಲ. ಓದು.”

ಅವನು ಓದಿದ. ‘ಯಾವ ಕಾರಣಕ್ಕೂ’ ಎಂಬಲ್ಲಿ ಒತ್ತು ಬಂದಾಗಲೇ ಮುಂದೆ ಬೇಡ ಅನ್ನುವ ಮಾತು ಬರುತ್ತದೆ ಎಂದು ಗೊತ್ತಾಗುತ್ತಿತ್ತು. ಆದರೂ ಅವಳಿಗೆ ನಂಬಿಕೆ ಬರಲಿಲ್ಲ. ಇಡೀ ಬರಹವನ್ನು ಮತ್ತೆ ಮೊದಲಿಂದ ಹಿಡಿದು ‘ಬಹುದು’, ‘ಬಾರದು’ ಇದ್ದ ಒಂದೊಂದು ಸಾಲನ್ನೂ ಬದಲಿಸಿದಳು. ‘ಭಾರ ಎತ್ತಬಾರದು’ ಹೋಗಿ ‘ಭಾರ ಎತ್ತುವುದು ಸದ್ಯಕ್ಕೆ ಬೇಡ’ ಆಯಿತು. ‘ಅದು’, ‘ಇದು’ ಇದ್ದಲ್ಲೆಲ್ಲ ಮಾತ್ರೆಯ ಹೆಸರೇ ಬಂತು. ನಡುನಡುವೆ ಫೋನ್ ಸದ್ದಾದಾಗಲೆಲ್ಲ ಪೆನ್ನು ಕೆಳಗಿಟ್ಟು ಯಾರೆಂದು ನೋಡುವಳು.

ಸಂಜೆ ಸಿಸ್ಟರ್ ಫೋನ್ ಮಾಡಿದರು. ಹೆಚ್ಚಿನವರು ಮಾತ್ರೆ ತಪ್ಪಿಸಿಲ್ಲ. ಒಬ್ಬ ಅಜ್ಜಿ ಮಾತ್ರ ನಿನ್ನೆಯಿಂದ ಬಿಟ್ಟಿದ್ದರಂತೆ. ಅವರನ್ನೂ ಕರೆಸಿ ನೋಡಿದ್ದಾರೆ, ಅಪಾಯವೇನಿಲ್ಲ. ಇನ್ನು ಒಬ್ಬ ಟೈಲರ್ ಫೋನನ್ನೇ ಎತ್ತುತ್ತಿಲ್ಲ.

ಆ ಟೈಲರನ್ನು ಅವಳು ಎಂದೂ ನೋಡಿರಲಿಲ್ಲ. ಆದರೆ ಅವನು ಹೊಲಿಗೆಯಂತ್ರದ ಮೇಲೆ ಹಾಗೇ ಮುಂದಕ್ಕೆ ಬಿದ್ದಿರುವುದು ಕಣ್ಣಿಗೆ ಕಟ್ಟಿತು. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದಳು. ಸಿಸ್ಟರ್ ಅವನ ಮನೆ ವಿಳಾಸಕ್ಕೆ ಆಳು ಕಳುಹಿಸುವ ಏರ್ಪಾಡಿನಲ್ಲಿದ್ದಾಗಲೇ ಟೈಲರ್ ತಾನಾಗಿಯೇ ನಡೆದುಕೊಂಡು ಬಂದ.

“ಅಷ್ಟು ಸಲ ಫೋನ್ ಯಾಕೆ ಮಾಡಿದ್ರಿ ಸಿಸ್ಟರ್? ಮಿಷನ್ ಸದ್ದಲ್ಲಿ ಕೇಳಿಸಲಿಲ್ಲ.”

“ಮಾತ್ರೆ ಯಾವ್ಯಾವ್ದು ತಗೋತಿದ್ದೀರಿ?” ಸಿಸ್ಟರಿಗಿಂತ ಮೊದಲು ಕತ್ತರಿಯೇ ಕೇಳಿಬಿಟ್ಟಳು.

ಅವನು ಒಂದನ್ನೂ ಬಿಡದೆ ಹೇಳಿದ. “ರೆಕಾರ್ಡಿಂಗ್ ಏನೋ ಕೊಟ್ಟಿದ್ರಿ. ನಾನು ಕೇಳಲೇ ಇಲ್ಲ ತಾಯಿ. ಸೊಸೆ ಊಟಕ್ಕೆ ಮುಂಚೆ ಕೈಗೆ ಕೊಡ್ತಾಳೆ, ನುಂಗ್ತೀನಿ.”

ಅವಳಿಗೆ ನಗು ಬಂತು. ನಗುತ್ತಾ ನಗುತ್ತಾ ಕಣ್ಣು ತುಂಬಿ, ಗೋಡೆ ಹಿಡಿದುಕೊಂಡಳು. ಜೀವಮಾನದಲ್ಲಿ ತನ್ನ ಬರಹವನ್ನು ಕೇಳದವನ ಮೇಲೆ ಇಷ್ಟು ಪ್ರೀತಿ ಬಂದದ್ದು ಅದೇ ಮೊದಲು.

ಹೊಸ ಧ್ವನಿಯನ್ನು ಯಾರಿಗೂ ಕಳುಹಿಸುವ ಮೊದಲು ವಾರ್ಡಿನಲ್ಲೇ ಕೇಳಿಸಿ ನೋಡೋಣ ಎಂದು ಅವಳೇ ಡಾಕ್ಟರಮ್ಮನನ್ನು ಕೇಳಿಕೊಂಡಳು. ಫ್ಯಾನು ತಿರುಗುತ್ತಿರಲಿ, ಬಾಗಿಲು ತೆರೆದಿರಲಿ, ಫೋನ್ ಹಾಸಿಗೆಯ ಮೇಲೇ ಇರಲಿ. ಕೇಳಿದವರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು, ಅಷ್ಟೆ.

ಮೊದಲು ಕೇಳಿದವರು ಇನ್ನೂ ಮನೆಗೆ ಹೊರಡದಿದ್ದ ಮಾವನೇ. ಮಂದವಾದ ಎಡಗಿವಿಯನ್ನೇ ಫೋನಿನತ್ತ ತಿರುಗಿಸಿ ಕೂತು ಕೊನೆಯವರೆಗೂ ಕೇಳಿದರು.

“ಏನು ಹೇಳ್ತು ಮಾವ?”

“ನೀವು ಚೆನ್ನಾಗಿದ್ದೀನಿ ಅಂತ ಮೆರೀಬೇಡಿ, ಮಾತ್ರೆ ದಿನಾ ನುಂಗಿ ಅಂತು. ನಿಲ್ಲಿಸೋದಾದ್ರೆ ಡಾಕ್ಟರನ್ನ ಕೇಳಿ ಅಂತು.” ಮಾವ ಅವಳ ಮುಖ ನೋಡಿದರು. “ಸರಿನಾ?”

“ಸರಿ ಮಾವ.”

“ಮೊದಲೇ ಹೀಗೆ ಹೇಳೋಕೇನಾಗಿತ್ತು ನಿಂಗೆ?” ಎಂದರು ಮಾವ. ಬೈಗುಳದಲ್ಲಿ ಸಿಟ್ಟಿರಲಿಲ್ಲ.

ಅವಳು ಫೋನ್ ತೆಗೆದುಕೊಂಡು ಪಕ್ಕದ ಹಾಸಿಗೆಗೆ ಹೋಗಿ, ಅಲ್ಲಿ ಮಲಗಿದ್ದ ಹೆಂಗಸಿನ ಹತ್ತಿರ ಕುರ್ಚಿ ಎಳೆದುಕೊಂಡಳು. “ಅಮ್ಮಾ, ಒಂದು ನಿಮಿಷ ಇದನ್ನ ಕೇಳಿ, ಆಮೇಲೆ ನನಗೆ ಹೇಳ್ತೀರಾ?” ಎಂದಳು.